ಟ್ರಯಲ್ ಪಾಸ್ ಜಾಹೀರಾತಿನ ಲೆಕ್ಕ ಸೇರಿದ ದಿನಕ್ಕೆ ಮುಗಿಯುವುದಿಲ್ಲ

ಜಿಮ್ ಮತ್ತು ಯೋಗ ಸ್ಟುಡಿಯೋಗಳಿಗೆ ಆನ್‌ಲೈನ್ ಜಾಹೀರಾತು ನಡೆಸುವುದು ನನ್ನ ಕೆಲಸ. ಮಾಲೀಕರು ಮೊದಲು ಕೇಳುವುದು "ಎಷ್ಟು ಲೀಡ್ ಬಂತು?" ಅಂತ, ಅಂದರೆ ಎಷ್ಟು ಜನ ಫಾರ್ಮ್ ತುಂಬಿದರು ಅಂತ. ಸೇರುವ ಮೊದಲು ಕೆಲವು ಕ್ಲಾಸಿಗೆ ಬಂದು ನೋಡುವ ಟ್ರಯಲ್ ಪಾಸ್ ಇಟ್ಟರೆ ಲೀಡ್ ಬಂದೇ ಬರುತ್ತದೆ, ಅದರಲ್ಲಿ ದೊಡ್ಡ ವಿಷಯವೇನಿಲ್ಲ. ಉಚಿತ ಅಂದರೆ ಯಾರು ಬೇಕಾದರೂ ಫಾರ್ಮ್ ತುಂಬುತ್ತಾರೆ.

ಒಂದು ಯೋಗ ಸ್ಟುಡಿಯೋದ ಉದಾಹರಣೆ ಕೊಡುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಬದಲಿಸಿದ್ದೇನೆ. ಎರಡು ಜಾಹೀರಾತು, ಎರಡಕ್ಕೂ ಒಂದೇ ಖರ್ಚು. ಮೊದಲನೆಯದು ಏಳು ದಿನದ ಉಚಿತ ಪಾಸ್. ಎರಡನೆಯದು ಮೂರು ಕ್ಲಾಸಿನ ಪಾಸ್. ಇದಕ್ಕೆ ಸಣ್ಣ ಶುಲ್ಕ ಇತ್ತು, ಕಟ್ಟುವಾಗಲೇ ಬ್ಯಾಚ್ ಕೂಡ ಆರಿಸಿಕೊಳ್ಳಬೇಕಿತ್ತು. ಉಚಿತ ಪಾಸ್ 200 ಜನ ತೆಗೆದುಕೊಂಡರು, 90 ಜನ ಒಮ್ಮೆಯಾದರೂ ಬಂದರು, 27 ಜನ ಸೇರಿದರು. ಶುಲ್ಕದ ಪಾಸ್ ತೆಗೆದುಕೊಂಡವರು 60, ಬಂದವರು 48, ಸೇರಿದವರು 18.

ಇಲ್ಲಿಗೆ ನಿಲ್ಲಿಸಿದರೆ ಉಚಿತ ಪಾಸೇ ಗೆದ್ದಿತು, ಅಲ್ವಾ? ಅದೇ ಖರ್ಚಿಗೆ ಒಂಬತ್ತು ಸದಸ್ಯರು ಜಾಸ್ತಿ. ಆದರೆ ಸೇರಿ 90 ದಿನ ಆದ ಮೇಲೆ ನೋಡಿದರೆ, 27ರಲ್ಲಿ ಇನ್ನೂ ಬರುತ್ತಿದ್ದವರು 9, 18ರಲ್ಲಿ 12.

9 ಮತ್ತು 12ರ ನಡುವಿನ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಒಂದು ಕಡೆ ಮೂರರಲ್ಲಿ ಒಂದು ಪಾಲು ಉಳಿದು, ಇನ್ನೊಂದು ಕಡೆ ಮೂರರಲ್ಲಿ ಎರಡು ಪಾಲು ಉಳಿದಿದ್ದನ್ನು ಸುಮ್ನೆ ಬಿಡೋಕಾಗಲ್ಲ. ಇಷ್ಟು ಕಡಿಮೆ ಜನರ ಮೇಲೆ ಬಜೆಟ್ ಪೂರ್ತಿ ತಿರುಗಿಸುವುದೂ ಬೇಡ. ಮುಂದಿನ ತಿಂಗಳ ಗುಂಪಿನಲ್ಲೂ ಹೀಗೇ ಬರುತ್ತದಾ ಅಂತ ಕಾದು ನೋಡುವುದು ಒಳ್ಳೆಯದು.

ಗುಂಪು ಅಂದರೆ ಒಂದೇ ತಿಂಗಳಲ್ಲಿ ಪಾಸ್ ತೆಗೆದುಕೊಂಡವರು. ಇದನ್ನು ಬಿಟ್ಟು ಈ ತಿಂಗಳು ಸೇರಿದವರನ್ನು ಈ ತಿಂಗಳ ಪಾಸ್‌ಗಳಿಂದ ಭಾಗಿಸುವವರೇ ಜಾಸ್ತಿ. ತಿಂಗಳ ಕೊನೆಯ ವಾರ ಪಾಸ್ ತೆಗೆದುಕೊಂಡವರ ಟ್ರಯಲ್ ಇನ್ನೂ ಮುಗಿದೇ ಇರುವುದಿಲ್ಲ. ಹಾಗಾಗಿ ಜಾಹೀರಾತಿಗೆ ಖರ್ಚು ಹೆಚ್ಚಿಸಿದ ತಿಂಗಳಲ್ಲೇ ಸೇರುವ ಪ್ರಮಾಣ ಬಿದ್ದ ಹಾಗೆ ಕಾಣುತ್ತದೆ. ಮಾಲೀಕರು ಗಾಬರಿಯಾಗಿ ಜಾಹೀರಾತು ನಿಲ್ಲಿಸುತ್ತಾರೆ. ಮುಂದಿನ ತಿಂಗಳು ಹೊಸ ಪಾಸ್ ಕಡಿಮೆ, ಸೇರುವವರು ಹಳೆಯ ಪಾಸ್‌ನವರು, ಪ್ರಮಾಣ ಏರಿದಂತೆ ತೋರುತ್ತದೆ. ಎರಡೂ ಸುಳ್ಳು.

ಬಿಟ್ಟುಹೋದವರ ಲೆಕ್ಕ ಇನ್ನೂ ಕಷ್ಟ. ಮೂರು ತಿಂಗಳ ಪ್ಯಾಕೇಜ್ ಕಟ್ಟಿದವರು ಎರಡನೇ ವಾರಕ್ಕೇ ಬರೋದು ನಿಲ್ಲಿಸಿದರೂ ಸಾಫ್ಟ್‌ವೇರ್‌ನಲ್ಲಿ ಮೂರು ತಿಂಗಳೂ 'ಆಕ್ಟಿವ್'. ಅದಕ್ಕೇ ನಾನು ನೋಡುವುದು ಕೊನೆಯ ಹಾಜರಿಯ ದಿನಾಂಕ. ಸತತ 21 ದಿನ ಬರದಿದ್ದರೆ ನನ್ನ ಶೀಟಿನಲ್ಲಿ ಅವರು ಬಿಟ್ಟುಹೋದವರು. 21 ಅನ್ನುವುದು ಶಾಸ್ತ್ರವಲ್ಲ, ಊರಿಗೆ ಹೋದವರನ್ನೋ ಹುಷಾರಿಲ್ಲದವರನ್ನೋ ಈ ಪಟ್ಟಿಗೆ ಹಾಕಬಾರದು ಅಂತ ಇಟ್ಟುಕೊಂಡ ಅಳತೆ, ಅಷ್ಟೇ. ಯಾರಾದರೂ ಮರಳಿ ಬಂದರೆ ಪಟ್ಟಿಯಿಂದ ತೆಗೆಯುತ್ತೇನೆ.

ಫೋನ್ ನಂಬರ್ ನಂಬಿ ಪಾಸ್ ಮತ್ತು ಸದಸ್ಯತ್ವವನ್ನು ಜೋಡಿಸಲೂಬಾರದು. ಹೆಂಡತಿ ಫಾರ್ಮ್ ತುಂಬಿರುತ್ತಾರೆ, ರಸೀದಿ ಗಂಡನ ನಂಬರಿನಲ್ಲಿರುತ್ತದೆ. ಪಾಸ್‌ಗೊಂದು ಕೋಡ್ ಕೊಟ್ಟು, ಸೇರುವಾಗ ರಿಸೆಪ್ಷನ್‌ನವರು ಅದನ್ನೇ ದಾಖಲಿಸುವ ಹಾಗೆ ಮಾಡಿದ ಮೇಲೆ ಈ ತಲೆನೋವು ಕಡಿಮೆಯಾಯಿತು.

ಇನ್ನು ಜಾಹೀರಾತಿನ ಕಡೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ, ನಾವು ಸೆಟ್ಟಿಂಗ್ ಬದಲಿಸದಿದ್ದರೆ, ಕ್ಲಿಕ್ ಆದ 7 ದಿನ ಅಥವಾ ನೋಡಿದ 1 ದಿನದೊಳಗೆ ಆದದ್ದನ್ನು ಮಾತ್ರ ಆ ಜಾಹೀರಾತಿನ ಲೆಕ್ಕಕ್ಕೆ ಹಾಕುತ್ತದೆ. ಇಂದು ಕ್ಲಿಕ್ ಮಾಡಿ, ನಾಡಿದ್ದು ಮೊದಲ ಕ್ಲಾಸಿಗೆ ಬಂದು, ಏಳು ದಿನದ ಪಾಸ್ ಮುಗಿಸಿ ಸೇರಿದವರು ಈ ಕಿಟಕಿಯ ಆಚೆ ಬೀಳುತ್ತಾರೆ. ಹಾಗಾಗಿ ಮೆಟಾದ ವರದಿ ತೋರಿಸುವ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಕಾಣುವ ಸೇರ್ಪಡೆಗಳು ನಿಜಕ್ಕಿಂತ ಕಡಿಮೆ. ಉದ್ದದ ಪಾಸ್‌ಗೆ ಈ ಪೆಟ್ಟು ಜಾಸ್ತಿ. ಸೇರುವುದನ್ನೇ ಮೆಟಾಗೆ ಗುರಿಯಾಗಿ ಕೊಡೋಣ ಅಂದರೆ ಸಣ್ಣ ಸ್ಟುಡಿಯೋಗೆ ಇನ್ನೊಂದು ತೊಂದರೆ: ಜಾಹೀರಾತನ್ನು ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವ ಲರ್ನಿಂಗ್ ಫೇಸ್ ದಾಟಲು ಒಂದೊಂದು ಆ್ಯಡ್ ಸೆಟ್‌ಗೂ, ಅಂದರೆ ಜಾಹೀರಾತುಗಳ ಒಂದೊಂದು ಕಟ್ಟಿಗೂ, ವಾರಕ್ಕೆ ಗುರಿಯ ಸುಮಾರು 50 ಘಟನೆ ಬೇಕು, ಅಷ್ಟು ಸೇರ್ಪಡೆ ಎಲ್ಲಿಂದ ತರುವುದು? ನಾನು ಮೊದಲ ಹಾಜರಿಯನ್ನು ಗುರಿಯಾಗಿ ಕಳಿಸುತ್ತೇನೆ. ಅದು ಹೆಚ್ಚಾಗಿ ಕಿಟಕಿಯೊಳಗೇ ಆಗುತ್ತದೆ, ಸಂಖ್ಯೆಯೂ ಸೇರ್ಪಡೆಗಿಂತ ದೊಡ್ಡದು. ಅದೂ 50 ಮುಟ್ಟದಿದ್ದರೆ ಆ್ಯಡ್ ಸೆಟ್‌ಗಳನ್ನು ಒಂದಾಗಿಸುತ್ತೇನೆ. ಫಾರ್ಮ್ ತುಂಬಿದ್ದನ್ನೇ ಗುರಿ ಮಾಡಿದರೆ ಫಾರ್ಮ್ ತುಂಬುವವರನ್ನೇ ಮೆಟಾ ಹುಡುಕಿ ತರುತ್ತದೆ.

ಆ ಸ್ಟುಡಿಯೋದಲ್ಲಿ ಉಚಿತ ಪಾಸ್ ತೆಗೆದುಹಾಕಲು ಮಾಲೀಕರು ಒಪ್ಪಲಿಲ್ಲ. ಸರಿ, ಉಚಿತವೇ ಇರಲಿ, ಆದರೆ ಫಾರ್ಮಿನಲ್ಲೇ ಮೊದಲ ಕ್ಲಾಸಿನ ದಿನ ಮತ್ತು ಬ್ಯಾಚ್ ಆರಿಸಲಿ ಅಂದೆ. ಉಳಿದವರು ದುಡ್ಡು ಕಟ್ಟಿದ್ದಕ್ಕೆ ಉಳಿದರೋ, ತಮಗೆ ಹೊಂದುವ ಬ್ಯಾಚ್ ಸಿಕ್ಕಿದ್ದಕ್ಕೋ ಅನ್ನುವುದು ಹೀಗೆ ಮಾಡಿದರೆ ಬೇರೆಯಾಗಿ ತಿಳಿಯುತ್ತದೆ. ಆ ಗುಂಪಿಗೆ ಇನ್ನೂ 90 ದಿನ ತುಂಬಿಲ್ಲ.