ಕಾಂಪೋಸ್ಟ್ ಕೈಪಿಡಿ, ಆರನೇ ವಾರ: ಅನುವಾದಕ್ಕೆ ಕೊಡುವ ಮುಂಚೆ ನನ್ನ ಕನ್ನಡವನ್ನೇ ತಿದ್ದಿದ ಕಥೆ

ಹೋದ ಸಲ ಬರೆದಾಗ ಕೈಪಿಡಿ ಮುಗಿಯಿತು, ಇನ್ನು ಅನುವಾದ ಒಂದೇ ಬಾಕಿ ಅಂತ ಜಂಬದಿಂದ ಹೇಳಿದ್ದೆ. ಮುಗಿದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆ ಕಸದಿಂದ ಗೊಬ್ಬರ ಮಾಡುವುದು ಹೇಗೆ ಅಂತ ಹದಿನಾಲ್ಕು ಪುಟ ಕನ್ನಡದಲ್ಲಿ ಬರೆದಿದ್ದೇನಲ್ಲ, ಅದನ್ನು ತಮಿಳಿಗೆ ಮತ್ತು ತೆಲುಗಿಗೆ ತರುವುದು ಯೋಜನೆ. ತಮಿಳಿಗೆ ಎರಡನೇ ಮಹಡಿಯ ರಿಟೈರ್ಡ್ ಅಂಕಲ್, ತೆಲುಗಿಗೆ ಗುಂಟೂರಿನ ಒಬ್ಬ ಹುಡುಗಿ. ಇಬ್ಬರಿಗೂ ಕನ್ನಡ ಚೆನ್ನಾಗಿ ಬರುತ್ತದೆ. ಪರೀಕ್ಷೆಗೆ ಇರಲಿ ಅಂತ ಎರಡು ಪುಟ ಕೊಟ್ಟೆ. ಬಂದದ್ದನ್ನು ನೋಡಿದ ಮೇಲೆ ಅನುವಾದ ನಿಲ್ಲಿಸಿ, ಮೂರು ವಾರದಿಂದ ಮೂಲವನ್ನೇ ತಿದ್ದುತ್ತಾ ಕೂತಿದ್ದೇನೆ.

ಮೊದಲು ಸಿಕ್ಕಿಬಿದ್ದವು ನುಡಿಗಟ್ಟುಗಳು. "ಮಳೆಗಾಲದಲ್ಲಿ ಒಣ ಎಲೆ ಕೈಕೊಟ್ಟರೆ ಕೋಕೋಪೀಟ್ ಬಳಸಿ" ಅಂತ ಬರೆದಿದ್ದೆ. ಅಂಕಲ್ ಅದನ್ನು 'ಕೈ ಕೊಡುತ್ತಾಲ್' ಅಂತ ಮಾಡಿದ್ದರು. ನಮ್ಮಲ್ಲಿ ಕೈಕೊಡುವುದು ಅಂದರೆ ಮೋಸ ಮಾಡುವುದು, ನಡುನೀರಿನಲ್ಲಿ ಬಿಡುವುದು. ತಮಿಳಿನಲ್ಲಿ ಅದೇ ಮಾತಿಗೆ ನೆರವಾಗುವುದು ಅನ್ನುವ ಅರ್ಥ! ಅಂದರೆ ಒಣ ಎಲೆ ಉಪಯೋಗಕ್ಕೆ ಬಂದರೆ ಕೋಕೋಪೀಟ್ ಹಾಕಿ ಅಂತಾಯಿತು, ಪೂರ್ತಿ ಉಲ್ಟಾ. ಅದೇ ಪುಟದಲ್ಲಿ "ಕಸವನ್ನು ಆಗಾಗ ಕೈಯಾಡಿಸುತ್ತಿರಿ" ಅಂತಲೂ ಇತ್ತು. ಉಪ್ಪಿಟ್ಟಿಗೆ ರವೆ ಹುರಿದವರಿಗೆ ಇದು ಗೊತ್ತು, ಸೌಟು ಹಿಡಿದೇ ಕೈಯಾಡಿಸುವುದು. ತೆಲುಗಿನಲ್ಲಿ ಜನ ಬರಿಗೈಯಲ್ಲಿ ಕೊಳೆತ ಕಸ ಕಲಸುವ ಹಾಗಾಗಿತ್ತು.

ಇಂಥವನ್ನು ಹುಡುಕುವುದು ಕಷ್ಟವಲ್ಲ. ಕೈ, ತಲೆ, ಬಾಯಿ, ಹೊಟ್ಟೆ, ದಾರಿ, ನೀರು, ಈ ಆರು ಪದಗಳನ್ನು ಫೈಲಿನಲ್ಲಿ ಹುಡುಕಿದೆ, ಅಷ್ಟಕ್ಕೇ ಮುಕ್ಕಾಲು ಭಾಗ ಸಿಕ್ಕವು. "ತಲೆ ಕೆಡಿಸಿಕೊಳ್ಳಬೇಡಿ" ಹೋಗಿ "ಇದರಿಂದ ತೊಂದರೆ ಇಲ್ಲ" ಬಂತು. "ದಾರಿಗೆ ಬರುತ್ತದೆ" ಹೋಗಿ "ಎರಡು ಮೂರು ದಿನದಲ್ಲಿ ಕೆಟ್ಟ ವಾಸನೆ ಹೋಗುತ್ತದೆ" ಬಂತು. ಒಂದು ಸಂಜೆಯ ಕೆಲಸ.

ನಿಜವಾದ ತಲೆನೋವು ನುಡಿಗಟ್ಟೇ ಇಲ್ಲದ, ನೋಡುವುದಕ್ಕೆ ತೀರಾ ಸಪ್ಪೆಯಾದ ಸಾಲುಗಳದ್ದು. ಒಂದನ್ನು ಪೂರ್ತಿ ಕೊಡುತ್ತೇನೆ. ಇದು ನಾನು ಮೊದಲು ಬರೆದದ್ದು:

"ಹಸಿ ಕಸ ಹಾಕಿ ಎಲೆ ಹಾಕಿ ಮುಚ್ಚಿ ಎರಡು ದಿನ ಬಿಟ್ಟು ತಿರುವಿ ಒಣಗಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ."

ನನಗೆ ಇದು ಕನ್ನಡಿಯಷ್ಟು ಸ್ಪಷ್ಟ. ದಿನಾ ಮಾಡುವವರಿಗೆ ಸ್ಪಷ್ಟವೇ. ಆದರೆ ಈಗ ನಿಧಾನವಾಗಿ ಓದಿ. 'ಹಾಕಿ' ಅಂದರೆ 'ಹಾಕಿದ ನಂತರ' ಅಂತಲೋ, 'ದಯವಿಟ್ಟು ಹಾಕಿ' ಅಂತಲೋ? ಎರಡಕ್ಕೂ ಒಂದೇ ರೂಪ. ಮುಚ್ಚಿ, ತಿರುವಿ ಕೂಡ ಹಾಗೆಯೇ. 'ಬಿಟ್ಟು' ಮತ್ತು 'ಬಿಡಿ' ಬೇರೆ ಬೇರೆ, ಆದರೆ ಇವು ಬೇರೆಯಲ್ಲ. ಮಾತಾಡುವಾಗ ದನಿ ಎಲ್ಲಿ ಇಳಿಯುತ್ತದೆ ಅನ್ನುವುದರಿಂದ ಗೊತ್ತಾಗುತ್ತದೆ. ಕಾಗದದ ಮೇಲೆ ದನಿ ಎಲ್ಲಿದೆ? "ಎಲೆ ಹಾಕಿ ಮುಚ್ಚಿ" ಅಂದರೆ ಎಲೆಯಿಂದಲೇ ಮುಚ್ಚುವುದು ಅಂತ ನನ್ನ ಮನಸ್ಸಿನಲ್ಲಿತ್ತು. ತೆಲುಗಿನ ಹುಡುಗಿ ಎಲೆ ಹಾಕಿ, ಆಮೇಲೆ ಬಿನ್ನಿನ ಮುಚ್ಚಳ ಹಾಕಿ ಅಂತ ಬರೆದಿದ್ದಳು. ತಪ್ಪು ಅವಳದಲ್ಲ. ಗಾಳಿಯಾಡದ ಹಾಗೆ ಬಿಗಿಯಾಗಿ ಮುಚ್ಚಿದರೆ ಕಸ ಕೊಳೆತು ಮೊಟ್ಟೆ ಕೆಟ್ಟ ಹಾಗೆ ನಾರುತ್ತದೆ, ಹಾಗಾಗಿ ಇದು ಸಣ್ಣ ವ್ಯತ್ಯಾಸವೂ ಅಲ್ಲ.

'ಎರಡು ದಿನ ಬಿಟ್ಟು' ಇನ್ನೊಂದು. ಸೋಮವಾರ ತಿರುವಿದರೆ ಮುಂದಿನ ಸಲ ಬುಧವಾರವೋ ಗುರುವಾರವೋ? ಮನೆಯಲ್ಲಿ ಕೇಳಿದೆ. ಅಮ್ಮ ಗುರುವಾರ ಅಂದರು, ಅಣ್ಣ ಬುಧವಾರ ಅಂದ. ಒಂದೇ ಮನೆಯಲ್ಲಿ ಎರಡು ಉತ್ತರ! 'ಒಣಗಿದ ಮೇಲೆ' ಅನ್ನುವುದನ್ನು 'ಒಣಗಿದ ಬಳಿಕ' ಅಂತಲೂ, 'ಒಣಗಿರುವುದರ ಮೇಲುಗಡೆ' ಅಂತಲೂ ಓದಬಹುದು, ಮತ್ತು ಒಣಗುವುದು ಎಲೆಯೋ ಕಸವೋ ಹೇಳಿಲ್ಲ.

ಈಗಿನ ರೂಪ ಹೀಗಿದೆ: "ಬಿನ್ನಿಗೆ ಅಡುಗೆಮನೆ ಕಸವನ್ನು ಹಾಕಿರಿ. ಕಸ ಕಾಣದ ಹಾಗೆ ಅದರ ಮೇಲೆ ಒಣ ಎಲೆಗಳನ್ನು ಹರಡಿರಿ. ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿರಿ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕಸವನ್ನು ತಿರುವಿರಿ. (ಸೋಮವಾರ ತಿರುವಿದರೆ ಮುಂದಿನ ಸಲ ಗುರುವಾರ.) ತಿರುವಿದಾಗ ಕಸ ಒಣಗಿದ್ದರೆ ಒಂದು ಲೋಟ ನೀರನ್ನು ಚಿಮುಕಿಸಿರಿ."

ಒಂದು ಸಾಲು ಆರಾಯಿತು. ಆಜ್ಞೆಗೆಲ್ಲ 'ಇರಿ' ಹಚ್ಚಿದ್ದೇನೆ, ಹಳೇ ಪಠ್ಯಪುಸ್ತಕದ ವಾಸನೆ ಹೊಡೆಯುತ್ತದೆ, ಗೊತ್ತು. ಆದರೆ 'ಹಾಕಿರಿ' ಅಂದರೆ ಆಜ್ಞೆ ಮಾತ್ರ, ಬೇರೆ ಅರ್ಥಕ್ಕೆ ಜಾಗವಿಲ್ಲ. ನಾವು ಬಿಟ್ಟುಬಿಡುವ 'ಅನ್ನು' ಪ್ರತ್ಯಯವನ್ನೂ ಎಲ್ಲ ಕಡೆ ವಾಪಸ್ ತಂದೆ. ಇಲ್ಲಿ ಮಜಾ ಅಂದರೆ, 'ಸ್ವಲ್ಪ' ಎಷ್ಟು ಅಂತ ಕೇಳಿದಾಗ ನನಗೇ ಉತ್ತರ ಗೊತ್ತಿರಲಿಲ್ಲ. ಬಾಲ್ಕನಿಗೆ ಹೋಗಿ ನಮ್ಮ ಇಪ್ಪತ್ತು ಲೀಟರ್ ಬಿನ್ನಿಗೆ ಅಳೆದು ನೋಡಿ ಒಂದು ಲೋಟ ಅಂತ ಬರೆದೆ.

ವಿಮಾನ ರಿಪೇರಿ ಕೈಪಿಡಿಗಳಿಗೆ ಬಳಸುವ ಸರಳ ಇಂಗ್ಲಿಷಿನ ಒಂದು ನಿಯಮಾವಳಿ ಇದೆ, `ASD-STE100` ಅಂತ. ಅದರಲ್ಲಿ ಕೆಲಸ ಹೇಳುವ ವಾಕ್ಯ ಇಪ್ಪತ್ತು ಪದ ದಾಟಬಾರದು, ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಮೊದಲು ಆ ಇಪ್ಪತ್ತನ್ನೇ ಹಿಡಿದುಕೊಂಡೆ. ಆದರೆ ಮೇಲೆ ಕೊಟ್ಟ ನನ್ನ ಗೊಂದಲದ ಸಾಲನ್ನು ಎಣಿಸಿ ನೋಡಿ, ಹದಿನೈದೇ ಪದ! ಕನ್ನಡದಲ್ಲಿ ವಿಭಕ್ತಿ, ಕಾಲ, ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಇಪ್ಪತ್ತು ಪದದಲ್ಲಿ ಒಂದು ಪುರಾಣ ಹೇಳಬಹುದು. ಹಾಗಾಗಿ ಹತ್ತು ಪದ, ಒಂದು ಕೆಲಸ ಅಂತ ಇಟ್ಟುಕೊಂಡೆ. ಒಂದು ಪದಕ್ಕೆ ಒಂದೇ ಅರ್ಥ ಅನ್ನುವುದನ್ನು ಮಾತ್ರ ಹಾಗೆಯೇ ತೆಗೆದುಕೊಂಡೆ, ಮತ್ತು 'ಹಸಿ' ಅನ್ನುವ ಪದ ಅಲ್ಲಿಯೇ ಬಿತ್ತು. ಹಸಿ ಕಸದಲ್ಲಿ ಬೇಯಿಸಿದ ಅನ್ನವೂ ಸೇರುತ್ತದೆ. ಹಸಿ ತರಕಾರಿ ಅಂದರೆ ಬೇಯಿಸದ್ದು. ಹಸಿ ಎಲೆ ಅಂದರೆ ಒಣಗದ್ದು. ಮೂರೂ ಒಂದೇ ಪುಟದಲ್ಲಿದ್ದವು. ಈಗ ಅಡುಗೆಮನೆ ಕಸ, ಬೇಯಿಸದ ತರಕಾರಿ, ಹಸಿರು ಎಲೆ ಅಂತ ಬೇರೆ ಬೇರೆ ಹೆಸರು.

ನಾಲ್ಕನೇ ವಾರ ಒಂದು ಸಾಲಿಗೇ ಅರ್ಧ ದಿನ ಹೋಯಿತು: "ಸರ್ಕಾರಿ ಗೊಬ್ಬರದ ಹಾಗೆ ಇದು ಗಿಡ ಸುಡುವುದಿಲ್ಲ." ನಮ್ಮ ಊರ ಕಡೆ ಯೂರಿಯಾ, ಡಿಎಪಿ ಎಲ್ಲಕ್ಕೂ ಸರ್ಕಾರಿ ಗೊಬ್ಬರ ಅನ್ನುತ್ತಾರೆ. ತೆಲುಗಿನಲ್ಲಿ ಅದು 'ಪ್ರಭುತ್ವ ಎರುವು' ಆಗಿತ್ತು, ಸರ್ಕಾರ ಹಂಚುವ ಯಾವುದೋ ಗೊಬ್ಬರ ಅನ್ನುವ ಹಾಗೆ. ಅದು ಸರಿಹೋದರೂ 'ಹಾಗೆ… ಇಲ್ಲ' ಉಳಿಯಿತು. ಸರ್ಕಾರಿ ಗೊಬ್ಬರ ಸುಡುತ್ತದೆಯೋ, ಅದೂ ಸುಡುವುದಿಲ್ಲವೋ? ಕನ್ನಡದಲ್ಲಿ ಎರಡೂ ಆಗುತ್ತದೆ. ಬಿಡಿಸಿ ಬರೆಯಲು ಹೋದಾಗ ನನ್ನ ಮಾತೇ ಪೂರ್ತಿ ನಿಜವಲ್ಲ ಅಂತ ಕಂಡಿತು, ಯಾಕೆಂದರೆ ಅರ್ಧ ಕೊಳೆತ ಕಾಂಪೋಸ್ಟ್ ಕೂಡ ಬೇರಿಗೆ ಪೆಟ್ಟು ಕೊಡುತ್ತದೆ. ಈಗ ಮೂರು ಸಾಲು: "ರಾಸಾಯನಿಕ ಗೊಬ್ಬರ ಜಾಸ್ತಿಯಾದರೆ ಎಲೆಯ ಅಂಚು ಕಂದಾಗಿ ಒಣಗುತ್ತದೆ. ಪೂರ್ತಿ ಮಾಗದ ಕಾಂಪೋಸ್ಟಿನಿಂದಲೂ ಗಿಡಕ್ಕೆ ಹಾನಿಯಾಗುತ್ತದೆ. ಪೂರ್ತಿ ಮಾಗಿದ ಕಾಂಪೋಸ್ಟಿನಿಂದ ಹೀಗೆ ಆಗುವುದಿಲ್ಲ."

ಐದನೇ ವಾರ ಮತ್ತೆ ತಮಿಳಿಗೆ ಕೊಟ್ಟೆ. ಈ ಸಲ ವಾಪಸ್ ಅನುವಾದ ಮಾಡಿಸಿದೆ. ಅಂದರೆ ಮೂಲ ನೋಡದ ಇನ್ನೊಬ್ಬರ ಕೈಯಲ್ಲಿ ತಮಿಳನ್ನು ಮತ್ತೆ ಕನ್ನಡಕ್ಕೆ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಡುವುದು. ಬೇರೆ ಬೇರೆ ದೇಶಗಳಲ್ಲಿ ಒಂದೇ ಪ್ರಶ್ನಾವಳಿ ಬಳಸುವ ಸಂಶೋಧಕರು ಈ ಕ್ರಮ ಅನುಸರಿಸುತ್ತಾರೆ. ರಿಚರ್ಡ್ ಬ್ರಿಸ್ಲಿನ್ ಎಂಬ ಮನಶ್ಶಾಸ್ತ್ರಜ್ಞರು 1970ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನನ್ನ ಎರಡು ಪುಟ ಹೆಚ್ಚುಕಡಿಮೆ ಹೋದ ಹಾಗೆಯೇ ವಾಪಸ್ ಬಂತು. ಭಾರೀ ಖುಷಿಯಾಯಿತು.

ಖುಷಿ ಎರಡು ದಿನ. ಅಂಕಲ್ ಅವರ ತಂಗಿ ಸೇಲಂನಲ್ಲಿದ್ದಾರೆ, ಕನ್ನಡದ ಗಂಧವೂ ಇಲ್ಲ. ಅವರಿಗೆ ತಮಿಳು ಪುಟ ಕಳಿಸಿ, ಇದನ್ನು ಓದಿ ನೀವು ಏನು ಮಾಡುತ್ತೀರಿ ಹೇಳಿ ಅಂತ ಅಂಕಲ್ ಫೋನಿನಲ್ಲಿ ಕೇಳಿದರು. "ವಾಸನೈ ಬಂದರೆ ಒಳ್ಳೆಯದೇ ಅಲ್ವಾ, ಅದಕ್ಕೆ ಯಾಕೆ ಒಣ ಎಲೆ ಹಾಕಬೇಕು?" ಅಂದರಂತೆ. ಅಂಕಲ್ ನಗುತ್ತಾ ಬಂದು ಹೇಳಿದರು. ನಾವು ಬರೀ 'ವಾಸನೆ' ಅಂದರೆ ಹೆಚ್ಚಾಗಿ ಕೆಟ್ಟದ್ದೇ. ತಮಿಳಿನ ವಾಸನೈ ಸುವಾಸನೆ. ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದ ಅಂಕಲ್‌ಗೆ ಎರಡೂ ಕಲೆಸಿಹೋಗಿತ್ತು, ವಾಪಸ್ ಅನುವಾದ ಮಾಡಿದವರೂ ಬೆಂಗಳೂರಿನವರೇ, ವಾಸನೈಯನ್ನು ಸೀದಾ ವಾಸನೆ ಮಾಡಿ ಕಳಿಸಿದ್ದರು. ತಪ್ಪು ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ ಆಗಿ ಸರಿಯಾಗಿ ಕಂಡಿತ್ತು. ಸಾಲದ್ದಕ್ಕೆ ನಾನೇ ಎಂಟನೇ ಪುಟದಲ್ಲಿ "ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು" ಅಂತಲೂ ಬರೆದಿದ್ದೆ. ಈಗ ಮೂಲದಲ್ಲಿ ಬರೀ 'ವಾಸನೆ' ಎಲ್ಲೂ ಇಲ್ಲ. ಕೆಟ್ಟದ್ದಕ್ಕೆ 'ಕೊಳೆತ ನಾತ', ಒಳ್ಳೆಯದಕ್ಕೆ 'ಮಳೆ ಬಿದ್ದ ಮಣ್ಣಿನ ಪರಿಮಳ'. ಇನ್ನು ಮುಂದೆ ವಾಪಸ್ ಅನುವಾದವನ್ನು ಕಡಿಮೆ ನಂಬಿ, ಒಂದೇ ಭಾಷೆ ಬರುವ ಒಬ್ಬರ ಕೈಯಲ್ಲಿ ಓದಿಸುವುದನ್ನು ಜಾಸ್ತಿ ಮಾಡುತ್ತೇನೆ.

ಈ ತಿದ್ದಿದ ಕನ್ನಡ ಓದುವುದಕ್ಕೆ ಚೆನ್ನಾಗಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಅಮ್ಮ ಓದಿ "ಇದೇನೋ ಔಷಧಿ ಡಬ್ಬಿ ಚೀಟಿ ಇದ್ದ ಹಾಗಿದೆ" ಅಂದರು. ಹಾಗಾಗಿ ಎರಡು ಫೈಲು ಮಾಡಿದ್ದೇನೆ. ಕನ್ನಡದವರಿಗೆ ಮೊದಲಿನದ್ದೇ, ಕೈಯಾಡಿಸುವುದು, ತಲೆ ಕೆಡಿಸಿಕೊಳ್ಳದಿರುವುದು ಎಲ್ಲ ಅಲ್ಲೇ ಇರುತ್ತದೆ, ಅಳತೆ ಮತ್ತು ದಿನದ ಲೆಕ್ಕ ಮಾತ್ರ ಹೊಸದು. ಅನುವಾದಕರಿಗೆ ಸಪ್ಪೆ ಪ್ರತಿ. ಒಂದರಲ್ಲಿ ಏನಾದರೂ ಬದಲಿಸಿದರೆ ಇನ್ನೊಂದರಲ್ಲೂ ಬದಲಿಸಬೇಕು, ಆಗಲೇ ಒಂದು ಸಲ ಮರೆತಿದ್ದೇನೆ.

ಸಪ್ಪೆ ಪ್ರತಿಯಿಂದ ತೆಗೆಯಲು ಮನಸ್ಸೇ ಬಾರದ ಒಂದು ಪದ 'ಹದ'. "ಕಸ ಹದವಾಗಿ ತೇವ ಇರಬೇಕು" ಅಂತಿತ್ತು. ಬದಲಿಗೆ "ಒಂದು ಮುಷ್ಟಿ ಕಸವನ್ನು ಹಿಂಡಿರಿ. ಒಂದು ಅಥವಾ ಎರಡು ಹನಿ ನೀರು ಬಂದರೆ ತೇವ ಸರಿ ಇದೆ. ನೀರು ಧಾರೆಯಾಗಿ ಸುರಿದರೆ ಒಣ ಎಲೆಗಳನ್ನು ಸೇರಿಸಿರಿ" ಅಂತ ಬರೆದೆ. ಹೊಸಬರಿಗೆ ಇದೇ ಉಪಯೋಗ, ನಿಜ.

ಒಂಬತ್ತು ಪುಟ ಆಗಿದೆ, ಐದು ಬಾಕಿ. ಹತ್ತನೇ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ. ಅಲ್ಲಿ ಎರೆಹುಳ, ನೊಣದ ಮರಿ, ಜಿರಳೆ, ಮೂರನ್ನೂ 'ಹುಳ' ಅಂತಲೇ ಬರೆದಿದ್ದೇನೆ, ಮತ್ತು ಒಂದು ಕಡೆ "ಹುಳ ಬಂದರೆ ಬಿಡಿ" ಅಂತಿದೆ. ಬರಲು ಬಿಡಬೇಕೋ, ಎತ್ತಿ ಹೊರಗೆ ಬಿಡಬೇಕೋ, ಯಾವ ಹುಳಕ್ಕೆ ಯಾವುದು ಅಂತ ಮೊದಲು ನಾನು ಪಟ್ಟಿ ಮಾಡಬೇಕು.