ನೇರ ಗಿರಾಕಿಗಳಿಗಾಗಿ ‘ನನ್ನ ಬಗ್ಗೆ’: ನಾಲ್ಕು ಕರಡುಗಳ ದಾಖಲೆ

ಮೊದಲ ದಿನ

ಲಿಂಕ್ಡ್‌ಇನ್‌ನಲ್ಲಿರುವ ನನ್ನ ಪರಿಚಯವನ್ನು ಹೊಸದಾಗಿ ಬರೆಯಲು ಕೂತಿದ್ದೇನೆ. ಕೆಲಸಕ್ಕೆ ಸೇರಿಸಿಕೊಳ್ಳುವವರಿಗಾಗಿ ಅಲ್ಲ, ನೇರವಾಗಿ ಕೆಲಸ ತರುವ ಗಿರಾಕಿಗಳಿಗಾಗಿ. ಈಗ ಇರುವುದನ್ನು ಮೊದಲು ಇಳಿಸಿಡುತ್ತೇನೆ, ಆಮೇಲೆ ಹೋಲಿಸಲು ಬೇಕಾಗುತ್ತದೆ.

“ನಾನು ಆರು ವರ್ಷ ಅನುಭವವಿರುವ ಗ್ರಾಫಿಕ್ ಡಿಸೈನರ್. ಫೋಟೋಶಾಪ್, ಇಲಸ್ಟ್ರೇಟರ್, ಇನ್‌ಡಿಸೈನ್ ಚೆನ್ನಾಗಿ ಗೊತ್ತು. ಲೋಗೋ, ಬ್ರೋಷರ್, ಪ್ಯಾಕೇಜಿಂಗ್, ಸೋಷಿಯಲ್ ಮೀಡಿಯಾ ಪೋಸ್ಟ್ ಎಲ್ಲವನ್ನೂ ಮಾಡುತ್ತೇನೆ. ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡಬಲ್ಲೆ. ಹೊಸ ಅವಕಾಶಗಳನ್ನು ಎದುರು ನೋಡುತ್ತಿದ್ದೇನೆ.”

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಕಳೆದ ಮೂರು ತಿಂಗಳಲ್ಲಿ ಇದನ್ನು ಓದಿ ಬಂದ ಸಂದೇಶಗಳನ್ನು ಎಣಿಸಿದೆ. ಒಟ್ಟು ಹನ್ನೊಂದು. ಏಳು ಜನ ಪೂರ್ತಿ ಹೊತ್ತಿನ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದ್ದಾರೆ. ಮೂರು ಏಜೆನ್ಸಿಗಳು ಗಂಟೆಗೆ ಎಷ್ಟು ಎಂದು ಕೇಳಿವೆ. ಸ್ವಂತ ವಸ್ತು ಮಾಡಿ ಮಾರುವವರು ಒಬ್ಬರೇ. ಅವರು ಕೇಳಿದ್ದು, “ನೀವೇ ಪ್ರಿಂಟ್ ಕೂಡ ಮಾಡಿಸಿ ಕೊಡ್ತೀರಾ?”

ಬಂದವರ ತಪ್ಪಲ್ಲ. ನಾನು ಬರೆದಿದ್ದೇ ಅವರಿಗೆ. ಅನುಭವದ ವರ್ಷ, ಸಾಫ್ಟ್‌ವೇರ್ ಹೆಸರು, ‘ತಂಡ’, ‘ಅವಕಾಶ’ ಇವೆಲ್ಲ ಒಂದು ಖಾಲಿ ಕುರ್ಚಿ ತುಂಬಿಸಬೇಕಾದವರು ನೋಡುವ ಮಾತುಗಳು. ಅವರ ಹತ್ತಿರ ಡಿಸೈನ್ ಗೊತ್ತಿರುವ ಇನ್ನೊಬ್ಬರು ಇರುತ್ತಾರೆ, ಕೆಲಸ ಹೇಗೆ ನಡೆಯಬೇಕೆಂದು ಅವರೇ ಹೇಳುತ್ತಾರೆ. ನೇರ ಗಿರಾಕಿಯ ಹತ್ತಿರ ಅಂಥವರು ಯಾರೂ ಇಲ್ಲ. ಅವರ ಕೈಯಲ್ಲಿ ಒಂದು ಬಾಟಲಿ ಇದೆ, ತಲೆಯಲ್ಲಿ ಒಂದು ತಾರೀಖು ಇದೆ, ಅಷ್ಟೇ.

ಮೂರನೇ ದಿನ

ಬರೆಯುವುದನ್ನು ನಿಲ್ಲಿಸಿ, ಹಳೆಯ ಒಂಬತ್ತು ಗಿರಾಕಿಗಳು ನನಗೆ ಬರೆದ ಮೊದಲ ಪತ್ರಗಳನ್ನು ತೆಗೆದು ಓದಿದೆ. ಇಡೀ ಕೆಲಸದಲ್ಲಿ ಜಾಸ್ತಿ ಉಪಯೋಗವಾಗಿದ್ದು ಇದೇ. ಸಾಫ್ಟ್‌ವೇರ್ ಬಗ್ಗೆ ಒಬ್ಬರೂ ಕೇಳಿಲ್ಲ. ಎಷ್ಟು ವರ್ಷ ಅನುಭವ ಎಂದೂ ಕೇಳಿಲ್ಲ. ಮತ್ತೆ ಮತ್ತೆ ಬಂದ ಪ್ರಶ್ನೆ ನಾಲ್ಕು. ನಮ್ಮಂಥ ವಸ್ತುವಿಗೆ ಮುಂಚೆ ಮಾಡಿದ್ದೀರಾ? ಎಷ್ಟು ದಿನ ಬೇಕು? ಇಷ್ಟವಾಗದಿದ್ದರೆ ಏನು ಮಾಡೋದು? ಕೊನೆಗೆ ನಮ್ಮ ಕೈಗೆ ಏನು ಬರುತ್ತದೆ?

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಒಂಬತ್ತರಲ್ಲಿ ಆರು ಜನ ಸೋಪು, ಎಣ್ಣೆ, ಕ್ರೀಮ್ ಥರದ ವಸ್ತುಗಳನ್ನು ಸಣ್ಣ ಪ್ರಮಾಣದಲ್ಲಿ ಮಾಡುವವರು. ಬೇಕಾಗಿದ್ದು ಲೇಬಲ್. ನನಗೂ ಅದೇ ಇಷ್ಟದ ಕೆಲಸ. ಹಾಗಾಗಿ ಎರಡನೇ ಕರಡಿನಲ್ಲಿ ಲೇಬಲ್ ಒಂದನ್ನೇ ಇಟ್ಟುಕೊಂಡೆ. ಲೋಗೋ, ಬ್ರೋಷರ್ ತೆಗೆಯುವಾಗ ಕೈ ಹಿಂದೇಟು ಹಾಕಿತು. ಆದರೆ ಲೋಗೋ ಗಿರಾಕಿಗಳು ನನಗೆ ಪರಿಚಯದವರ ಮಾತಿನಿಂದ ಬಂದವರೇ ಹೊರತು ಈ ನಾಲ್ಕು ಸಾಲು ಓದಿ ಬಂದವರಲ್ಲ. ತೆಗೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಆರನೇ ದಿನ

ಮೊದಲ ಪ್ರಶ್ನೆಗೆ ಉತ್ತರವಾಗಿ ಒಂದು ಕೆಲಸದ ಕಥೆ ಬೇಕಿತ್ತು. ಆರಿಸಿದ್ದು ಒಂದು ಶಾಂಪೂ ಬಾಟಲಿ. ಗಿರಾಕಿಯನ್ನು ಕೇಳಿದೆ, ಹೆಸರು ಹಾಕದೆ ಹೇಳಬಹುದು ಎಂದರು.

ಅವರು ನನ್ನ ಹತ್ತಿರ ಬರುವ ಮುಂಚೆ ಒಮ್ಮೆ ಲೇಬಲ್ ಮುದ್ರಿಸಿದ್ದರು. ನೋಡಲು ಚೆಂದವಿತ್ತು. ಆದರೆ ಎರಡು ತೊಂದರೆ. ಬಾಟಲಿಯ ವ್ಯಾಸ 64 ಮಿಲಿಮೀಟರ್, ಅಂದರೆ ಸುತ್ತಳತೆ ಸುಮಾರು 201. ಲೇಬಲ್ ಅಗಲ 215 ಇತ್ತು. ಸುತ್ತಿ ಅಂಟಿಸಿದಾಗ 14 ಮಿಲಿಮೀಟರ್ ಒಂದರ ಮೇಲೊಂದು ಬಂದು, ಬಳಸಿದ ಸಾಮಗ್ರಿಗಳ ಪಟ್ಟಿಯ ಅಂಚು ಮುಚ್ಚಿಹೋಗುತ್ತಿತ್ತು. ಬಾಟಲಿಯನ್ನು ಕೈಯಲ್ಲಿ ಹಿಡಿಯದೆ ಅಳತೆ ತೆಗೆದಿದ್ದರು ಅನಿಸುತ್ತದೆ.

ಎರಡನೆಯದು ಬಾರ್‌ಕೋಡ್. ಲೇಬಲ್ಲಿನ ಬಣ್ಣಕ್ಕೆ ಹೊಂದಲಿ ಎಂದು ಅದರ ಗೆರೆಗಳನ್ನೂ ಕೆಂಪು ಬಣ್ಣದಲ್ಲಿ ಹಾಕಿದ್ದರು. ಅಂಗಡಿಯ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಕೆಂಪು ಬೆಳಕಿನವು. ಆ ಬೆಳಕಿನಲ್ಲಿ ಕೆಂಪು ಗೆರೆಯೂ ಬಿಳಿ ಹಿನ್ನೆಲೆಯೂ ಒಂದೇ ಥರ ಹೊಳೆಯುತ್ತವೆ. ಗೆರೆ ಇದೆ ಎಂದೇ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮೇಲಾಗಿ ಜಾಗ ಸಾಲದೆಂದು ಅದನ್ನು 24 ಮಿಲಿಮೀಟರ್‌ಗೆ ಕುಗ್ಗಿಸಿದ್ದರು. ಹದಿಮೂರು ಅಂಕಿಯ ಸಾಮಾನ್ಯ ಬಾರ್‌ಕೋಡಿನ ಪೂರ್ತಿ ಅಗಲ, ಪಕ್ಕದ ಖಾಲಿ ಜಾಗ ಸೇರಿ, 37.29 ಮಿಲಿಮೀಟರ್. ಅದನ್ನು ಶೇಕಡಾ 80ರವರೆಗೆ, ಅಂದರೆ ಸುಮಾರು 30 ಮಿಲಿಮೀಟರ್‌ವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸಬಾರದು.

ನಾನು ಮಾಡಿದ್ದು: ಬಾಟಲಿ ತರಿಸಿಕೊಂಡು ಕಾಗದದ ಪಟ್ಟಿ ಸುತ್ತಿ ಅಳೆದೆ. ಅಗಲವನ್ನು 206ಕ್ಕೆ ತಂದೆ, ಅಂಟಿಗೆ 5 ಮಿಲಿಮೀಟರ್ ಸಾಕಾಯಿತು. ಮುಚ್ಚುವ ಅಂಚಿನಲ್ಲಿ ಯಾವ ಅಕ್ಷರವನ್ನೂ ಇಡಲಿಲ್ಲ. ಬಾರ್‌ಕೋಡನ್ನು ಬಿಳಿ ಚೌಕದಲ್ಲಿ ಕಪ್ಪಾಗಿ, ಪಕ್ಕದ ಖಾಲಿ ಜಾಗ ಬಿಟ್ಟು ಕೂರಿಸಿದೆ. ಕತ್ತರಿಸುವಾಗ ಬಿಳಿ ಅಂಚು ಕಾಣದಂತೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಹಬ್ಬಿದ ಬಣ್ಣ, ಕೊಟ್ಟೆ. ಮುದ್ರಣಕ್ಕೆ ಕೊಡುವ ಮೊದಲು ಮನೆಯ ಪ್ರಿಂಟರ್‌ನಲ್ಲಿ ನಿಜವಾದ ಅಳತೆಗೇ ತೆಗೆದು ಬಾಟಲಿಗೆ ಅಂಟಿಸಿ ನೋಡಿದೆವು.

ಇದನ್ನು ಪರಿಚಯದೊಳಗೆ ಹಾಕುವಾಗ ಮೂರನೇ ಕರಡು ಕೆಟ್ಟಿತು. ನಾನು ಬರೆದಿದ್ದು ಹೀಗೆ: “ಡೈಲೈನ್, ಬ್ಲೀಡ್, ಬಾರ್‌ಕೋಡ್ ಕಾಂಟ್ರಾಸ್ಟ್ ಸರಿಪಡಿಸಿ ಪ್ರಿಂಟ್-ರೆಡಿ ಫೈಲ್ ತಯಾರಿಸಿದೆ.” ಡಿಸೈನರ್ ಗೆಳತಿಗೆ ಇದು ಹಿಡಿಸಿತು. ಕ್ರೀಮ್ ಮಾಡುವ ಹಳೆಯ ಗಿರಾಕಿಯೊಬ್ಬರಿಗೆ ಓದಿ ಹೇಳಿದರೆ, “ಏನೋ ಸರಿ ಮಾಡಿದ್ದೀರಿ, ಏನು ಅಂತ ಗೊತ್ತಾಗಲಿಲ್ಲ ಮೇಡಂ” ಎಂದರು. ಅವರೇ ನನ್ನ ಓದುಗರು. ಆದ್ದರಿಂದ ಸರಿಪಡಿಸಿದ ರೀತಿಯನ್ನು ಬಿಟ್ಟು, ಅಂಗಡಿಯಲ್ಲಿ ಏನು ಕೆಟ್ಟಿತ್ತು, ಈಗ ಹೇಗಿದೆ ಎಂಬುದನ್ನು ಬರೆದೆ. ಮಾರಾಟ ಹೆಚ್ಚಿತು ಎಂದು ಬರೆಯುವ ಆಸೆ ಆಗಿತ್ತು. ಬರೆಯಲಿಲ್ಲ. ಹೆಚ್ಚಿದ್ದರೂ ಅದು ಲೇಬಲ್ಲಿನಿಂದಲೇ ಎಂದು ನಾನು ತೋರಿಸಲಾರೆ.

ಒಂಬತ್ತನೇ ದಿನ

ಇವತ್ತು ‘ಇಷ್ಟವಾಗದಿದ್ದರೆ’ ಎಂಬ ಪ್ರಶ್ನೆ. ಹಿಂದೆ ನಾನು “ನಿಮಗೆ ತೃಪ್ತಿಯಾಗುವವರೆಗೂ ಬದಲಾವಣೆ” ಎಂದು ಬರೆದಿದ್ದೆ. ಕೇಳಲು ಉದಾರವಾಗಿದೆ, ಆದರೆ ಒಂದು ಕೆಲಸ ಹದಿನೇಳು ಸಲ ಬದಲಾಗಿ ನಾಲ್ಕು ತಿಂಗಳು ಎಳೆಯಿತು. ಕಾರಣ ಗಿರಾಕಿಯ ಹಟ ಅಲ್ಲ. ಅವರ ಕಡೆ ಮೂವರು ಬೇರೆ ಬೇರೆ ದಿನ ಬೇರೆ ಬೇರೆ ಮಾತು ಕಳಿಸುತ್ತಿದ್ದರು. ಹಾಗಾಗಿ ಎಷ್ಟು ಸುತ್ತು ಎಂಬುದರ ಜೊತೆಗೆ ಒಂದು ಸುತ್ತು ಎಂದರೇನು ಎಂದೂ ಹೇಳಬೇಕು: ಒಬ್ಬರು, ಎಲ್ಲರ ಮಾತನ್ನೂ ಸೇರಿಸಿ, ಒಂದೇ ಪಟ್ಟಿಯಾಗಿ ಕಳಿಸಿದ್ದು.

‘ಕೈಗೆ ಏನು ಬರುತ್ತದೆ’ ಎಂಬುದನ್ನೂ ಬಿಡಿಸಿ ಬರೆಯಬೇಕಾಯಿತು. ಮುದ್ರಣದವರಿಗೆ ಕೊಡುವ ಪಿಡಿಎಫ್ ಬೇರೆ, ಮುಂದೆ ತಿದ್ದಬಹುದಾದ ಮೂಲ ಫೈಲ್ ಬೇರೆ. ಎರಡನ್ನೂ ಕೊಡುತ್ತೇನೆ. ಫಾಂಟ್ ಮಾತ್ರ ಕೊಡಲಾಗುವುದಿಲ್ಲ. ನಾನು ಕೊಂಡ ಲೈಸೆನ್ಸ್ ನನ್ನ ಬಳಕೆಗೆ. ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಆಕಾರಗಳಾಗಿ ಬದಲಿಸುವುದರಿಂದ ಮುದ್ರಣಕ್ಕೆ ತೊಂದರೆ ಇಲ್ಲ. ಮೂಲ ಫೈಲಿನಲ್ಲಿ ಅಕ್ಷರ ತಿದ್ದಬೇಕಾದರೆ ಅವರೇ ಫಾಂಟ್ ಕೊಳ್ಳಬೇಕು. ಇದನ್ನು ಮೊದಲೇ ಹೇಳದಿದ್ದರೆ ಕೊನೆಯ ದಿನ ಜಗಳ ಆಗುತ್ತದೆ, ನನಗೆ ಆಗಿದೆ.

ಹನ್ನೆರಡನೇ ದಿನ, ನಾಲ್ಕನೇ ಕರಡು

ಲಿಂಕ್ಡ್‌ಇನ್‌ನಲ್ಲಿ ಪರಿಚಯಕ್ಕೆ 2,600 ಅಕ್ಷರಗಳ ಜಾಗ ಇದೆ. ಆದರೆ ತೆರೆದ ಕೂಡಲೇ ಕಾಣುವುದು ಮೊದಲ ಕೆಲವು ಸಾಲು ಮಾತ್ರ, ಉಳಿದದ್ದನ್ನು ಒತ್ತಿ ನೋಡಬೇಕು. ಅದಕ್ಕೇ ಯಾರಿಗೆ, ಏನು ಎಂಬುದು ಮೊದಲ ಎರಡು ವಾಕ್ಯದಲ್ಲೇ ಮುಗಿಯಬೇಕು. ಫೋಟೋದ ಸುತ್ತ ಇದ್ದ ‘ಕೆಲಸಕ್ಕೆ ಸಿದ್ಧ’ ಎಂಬ ಪಟ್ಟಿಯನ್ನೂ ಇವತ್ತೇ ತೆಗೆದೆ. ಮೇಲೆ ಅದು, ಕೆಳಗೆ ಇದು ಇದ್ದರೆ ಓದುವವರಿಗೆ ಎರಡು ಬೇರೆ ಮಾತು ಕೇಳಿಸುತ್ತದೆ.

ಈಗ ಇರುವುದು:

“ಸೋಪು, ಎಣ್ಣೆ, ಕ್ರೀಮ್ ಇಂಥವನ್ನು ನೀವೇ ತಯಾರಿಸಿ ಮಾರುತ್ತಿದ್ದರೆ, ಅದರ ಲೇಬಲ್ ನಾನು ಮಾಡಿಕೊಡುತ್ತೇನೆ. ಬಾಟಲಿಗೆ ಸರಿಯಾಗಿ ಕೂರುವ, ಅಂಗಡಿಯಲ್ಲಿ ಸ್ಕ್ಯಾನ್ ಆಗುವ, ದೂರದಿಂದ ಹೆಸರು ಓದಲು ಬರುವ ಲೇಬಲ್.

ಒಬ್ಬ ಶಾಂಪೂ ತಯಾರಕರ ಹಳೆಯ ಲೇಬಲ್ ಬಾಟಲಿಗಿಂತ ದೊಡ್ಡದಾಗಿತ್ತು, ಸಾಮಗ್ರಿಗಳ ಪಟ್ಟಿ ಮುಚ್ಚಿಹೋಗುತ್ತಿತ್ತು. ಬಾರ್‌ಕೋಡ್ ಓದದೆ ಅಂಗಡಿಯವರು ಅಂಕಿಗಳನ್ನು ಕೈಯಲ್ಲಿ ಒತ್ತುತ್ತಿದ್ದರು. ಬಾಟಲಿ ಅಳೆದು ಹೊಸದಾಗಿ ಮಾಡಿದೆ. ಈಗ ಪಟ್ಟಿ ಪೂರ್ತಿ ಕಾಣುತ್ತದೆ, ಬಾರ್‌ಕೋಡ್ ಮೊದಲ ಸಲಕ್ಕೇ ಓದುತ್ತದೆ.

ಕೆಲಸ ನಡೆಯುವುದು ಹೀಗೆ. ನೀವು ಖಾಲಿ ಬಾಟಲಿ ಮತ್ತು ಬರಹ ಕಳಿಸುತ್ತೀರಿ, ಅರ್ಧ ಹಣ ಮುಂಗಡ. ಹತ್ತು ದಿನದಲ್ಲಿ ಎರಡು ಮಾದರಿ ತೋರಿಸುತ್ತೇನೆ. ಒಂದನ್ನು ಆರಿಸಿ, ಎರಡು ಸುತ್ತು ಬದಲಾವಣೆ ಕೇಳಬಹುದು. ನಿಮ್ಮ ಕಡೆಯವರೆಲ್ಲರ ಮಾತು ಒಂದೇ ಪಟ್ಟಿಯಲ್ಲಿ ಬರಲಿ. ಕೊನೆಗೆ ಮುದ್ರಣದ ಪಿಡಿಎಫ್ ಮತ್ತು ಮೂಲ ಫೈಲ್ ಎರಡೂ ನಿಮ್ಮದು, ಫಾಂಟ್ ಬಿಟ್ಟು. ಮುದ್ರಣ ನಾನು ಮಾಡಿಸುವುದಿಲ್ಲ, ಆದರೆ ಮುದ್ರಣದವರ ಜೊತೆ ಮಾತಾಡಿ ಪ್ರೂಫ್ ನೋಡಿಕೊಡುತ್ತೇನೆ. ಲೇಬಲ್ಲಿನಲ್ಲಿ ಕಾನೂನಿನ ಪ್ರಕಾರ ಏನೇನು ಇರಬೇಕು ಎಂಬುದನ್ನು ನೀವು ಖಚಿತ ಮಾಡಿಕೊಡಬೇಕು.

ಬಾಟಲಿಯ ಫೋಟೋ, ಎಷ್ಟು ಲೇಬಲ್ ಬೇಕು, ಯಾವ ತಾರೀಖಿಗೆ ಬೇಕು, ಈ ಮೂರನ್ನು ಬರೆದು ಕಳಿಸಿ. ಎರಡು ದಿನದಲ್ಲಿ ಬೆಲೆ ಹೇಳುತ್ತೇನೆ.”

ಅದೇ ಕ್ರೀಮ್ ಗಿರಾಕಿಗೆ ಓದಿ, “ನಾನು ಏನು ಮಾಡ್ತೀನಿ ಅಂತ ಇನ್ನೊಬ್ಬರಿಗೆ ಹೇಳಬೇಕಾದರೆ ಏನು ಹೇಳ್ತೀರಿ?” ಎಂದು ಕೇಳಿದೆ. “ಬಾಟಲಿ ಕಳಿಸಿದ್ರೆ ಸರಿಯಾಗಿ ಕೂರೋ ಲೇಬಲ್ ಮಾಡ್ಕೊಡ್ತಾರೆ” ಎಂದರು. ಮನಸ್ಸಿಗೆ ತುಂಬಾ ಸಮಾಧಾನ ಆಯಿತು.

ಆರು ವಾರದ ನಂತರ

ಆರು ಸಂದೇಶ ಬಂದಿವೆ. ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದವರು ಒಬ್ಬರು. ಐದು ಜನ ಲೇಬಲ್ ಬೇಕಾದವರು. ನಾನು ಕೇಳಿದ ಮೂರು ವಿಷಯವನ್ನೂ ಅವರಲ್ಲಿ ಮೂವರು ಬರೆದೇ ಕಳಿಸಿದ್ದರು, ಎರಡು ಕೆಲಸ ಶುರುವಾಗಿದೆ. ಸಂಖ್ಯೆ ಮೊದಲಿಗಿಂತ ತುಂಬಾ ಹೆಚ್ಚಲ್ಲ, ಆದರೆ ಉತ್ತರ ಬರೆಯಲು ಕೂತರೆ ಈಗ ಮಾತು ನೇರವಾಗಿ ಬಾಟಲಿಯಿಂದಲೇ ಶುರುವಾಗುತ್ತದೆ.

ಉಳಿದ ಇಬ್ಬರಿಂದ ಒಂದು ಕೊರತೆ ಗೊತ್ತಾಯಿತು. ಅವರು ಇನ್ನೂ ಬಾಟಲಿಯನ್ನೇ ಆರಿಸಿರಲಿಲ್ಲ. ಒಬ್ಬರು ಮಾದರಿ ನೋಡಿದ ಮೇಲೆ ಬಾಟಲಿ ಕೊಳ್ಳೋಣ ಎಂದಿದ್ದರು. ಹಾಗೆ ಮಾಡಿದರೆ ಅಳತೆ ಬದಲಾಗಿ ಎಲ್ಲವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ಮೇಲಿಂದ ಕೆಳಕ್ಕೆ ಕಿರಿದಾಗುವ ಬಾಟಲಿಯಾದರಂತೂ ನೇರ ಪಟ್ಟಿಯ ಲೇಬಲ್ ಸುಕ್ಕಾಗುತ್ತದೆ, ಬಾಗಿದ ಆಕಾರವೇ ಬೇಕು. ‘ಕೆಲಸ ನಡೆಯುವುದು ಹೀಗೆ’ ಎಂಬಲ್ಲಿ ಇವತ್ತು ಒಂದು ವಾಕ್ಯ ಸೇರಿಸಿದೆ: “ಬಾಟಲಿ ಇನ್ನೂ ಆರಿಸಿಲ್ಲದಿದ್ದರೆ, ಕೊಳ್ಳುವ ಮೊದಲೇ ನನಗೆ ಎರಡು ಮೂರು ಮಾದರಿಯ ಫೋಟೋ ತೋರಿಸಿ.”