ಬೆಂಗಳೂರು–ಹುಬ್ಬಳ್ಳಿ: ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದಾಗ

ಅಕ್ಕನ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ, ನಾನಿರುವುದು ಬೆಂಗಳೂರಿನ ಜಯನಗರದಲ್ಲಿ. ಈ ವರ್ಷ ಮೂರು ಸಲ ಹೋಗಬೇಕಾಯಿತು. ಒಮ್ಮೆ ವಿಮಾನ, ಒಮ್ಮೆ ರೈಲು, ಒಮ್ಮೆ ರಾತ್ರಿ ಬಸ್ಸು. ಮೂರು ಸಲವೂ ಮನೆಗೆ ಬೀಗ ಹಾಕಿದ ಹೊತ್ತು, ಅಕ್ಕನ ಮನೆ ತಲುಪಿದ ಹೊತ್ತು, ನಡುವೆ ಖರ್ಚಾದ ದುಡ್ಡು ಎಲ್ಲವನ್ನೂ ಬರೆದಿಟ್ಟುಕೊಂಡೆ. ಟಿಕೆಟ್ ದರ ದಿನಕ್ಕೊಂದು ತರಹ ಇರುತ್ತದೆ, ಆದ್ದರಿಂದ ನನ್ನ ಅಂಕಿಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಲೆಕ್ಕ ಹಾಕುವ ಕ್ರಮ ನಿಮಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ವಿಮಾನ. ಹಾರುವುದು ಒಂದು ಗಂಟೆ ಚಿಲ್ಲರೆ ಅಷ್ಟೇ. ಆದರೆ 11.20ರ ವಿಮಾನಕ್ಕೆ ನಾನು ಮನೆ ಬಿಟ್ಟಿದ್ದು ಬೆಳಿಗ್ಗೆ 8.15ಕ್ಕೆ. ಜಯನಗರದಿಂದ ದೇವನಹಳ್ಳಿ ಕಡೆಗೆ 40 ಕಿ.ಮೀ. ದಾರಿ, ಮಧ್ಯೆ ಹೆಬ್ಬಾಳದ ಟ್ರಾಫಿಕ್. ಚೆಕ್-ಇನ್ ಬ್ಯಾಗ್ ಇದ್ದರೆ ಒಂದು ಗಂಟೆ ಮುಂಚೆಯೇ ಕೌಂಟರ್ ಮುಚ್ಚುತ್ತಾರೆ, ಹಾಗಾಗಿ ತಡ ಮಾಡುವ ಹಾಗಿಲ್ಲ. ಅಕ್ಕನ ಮನೆ ಸೇರಿದಾಗ 1.20. ಒಟ್ಟು ಐದು ಗಂಟೆ ಐದು ನಿಮಿಷ. ಖರ್ಚು: ಟಿಕೆಟ್ 3,300, ಟೋಲ್ ಸೇರಿ ಟ್ಯಾಕ್ಸಿ 1,250, ವಿಮಾನ ನಿಲ್ದಾಣದಲ್ಲಿ ಇಡ್ಲಿ–ಕಾಫಿ 380, ಹುಬ್ಬಳ್ಳಿಯಲ್ಲಿ ಆಟೊ 220. ಒಟ್ಟು 5,150 ರೂಪಾಯಿ. ಟಿಕೆಟ್ ಮೇಲೆ 1,850 ರೂಪಾಯಿ ಜಾಸ್ತಿಯಾಯಿತು ಅಂದರೆ ಸಣ್ಣ ಮೊತ್ತವೇನಲ್ಲ, ಅಲ್ವಾ?

ಎರಡನೇ ಸಲ ವಂದೇ ಭಾರತ್. ಮೆಜೆಸ್ಟಿಕ್‌ನಿಂದ 5.45ಕ್ಕೆ ಹೊರಡುತ್ತದೆ, 11ರ ಹೊತ್ತಿಗೆ ಹುಬ್ಬಳ್ಳಿ. ಅಷ್ಟು ಬೇಗ ಮೆಟ್ರೊ ನಂಬಿಕೊಳ್ಳಬೇಡಿ, ಭಾನುವಾರವಂತೂ ಅದು ತಡವಾಗಿ ಶುರುವಾಗುತ್ತದೆ. 4.50ಕ್ಕೆ ಮನೆ ಬಿಟ್ಟೆ, ಆಟೊಗೆ 260 ಕೊಟ್ಟೆ. ತಿಂಡಿ ಸೇರಿ ಟಿಕೆಟ್ 1,120 ಆಯಿತು. ಬುಕ್ ಮಾಡುವಾಗ ಊಟ–ತಿಂಡಿ ಬೇಡ ಎಂದು ಆರಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ದಾರಿಯಲ್ಲಿ ಇಳಿದು ತಿನ್ನುವಷ್ಟು ಹೊತ್ತು ರೈಲು ಎಲ್ಲೂ ನಿಲ್ಲುವುದಿಲ್ಲ, ಡಬ್ಬಿ ಕಟ್ಟಿಕೊಳ್ಳದಿದ್ದರೆ ತಿಂಡಿ ಇಟ್ಟುಕೊಳ್ಳಿ. ಹುಬ್ಬಳ್ಳಿ ನಿಲ್ದಾಣದ ಹತ್ತಿರ ಚಿಗರಿ ಬಸ್ ಸಿಗುತ್ತದೆ, ಅದಕ್ಕೆ ಪ್ರತ್ಯೇಕ ದಾರಿ ಇರುವುದರಿಂದ ಟ್ರಾಫಿಕ್ ಕಾಟವಿಲ್ಲದೆ ವಿದ್ಯಾನಗರಕ್ಕೆ ಬಿಡುತ್ತದೆ. ಅದಕ್ಕೆ 20 ರೂಪಾಯಿ. ಮನೆ ಸೇರಿದ್ದು 11.40ಕ್ಕೆ. ಆರು ಗಂಟೆ 50 ನಿಮಿಷ, 1,400 ರೂಪಾಯಿ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ವಿಮಾನದಿಂದ ಉಳಿದದ್ದು ಒಂದೂಮುಕ್ಕಾಲು ಗಂಟೆ. ಅದಕ್ಕೆ ನಾನು ಕೊಟ್ಟದ್ದು 3,750 ರೂಪಾಯಿ. ಗಂಟೆಗೆ 2,100ಕ್ಕೂ ಜಾಸ್ತಿ! ನನ್ನ ಒಂದು ಗಂಟೆಗೆ ಅಷ್ಟು ಬೆಲೆ ಇಲ್ಲ. ಅದೂ ರೈಲಿನಲ್ಲಿ ಕೂತು ಕೆಲಸ ಮಾಡಬಹುದು, ವಿಮಾನದ ಐದು ಗಂಟೆ ಸಾಲು, ಟ್ಯಾಕ್ಸಿ, ಬ್ಯಾಗು ಅಂತ ಚೂರು ಚೂರಾಗಿ ಹೋಗುತ್ತದೆ. ಯಲಹಂಕ ಕಡೆ ಇರುವವರಿಗೆ ಮಾತ್ರ ಈ ಲೆಕ್ಕ ತಿರುಗಬಹುದು. ಅವರಿಗೆ ವಿಮಾನ ನಿಲ್ದಾಣ ಹತ್ತಿರ, ಮೆಜೆಸ್ಟಿಕ್ ದೂರ. ಇಬ್ಬರು ಮೂವರು ಒಟ್ಟಿಗೆ ಹೋದರೆ ಟ್ಯಾಕ್ಸಿ ಬಾಡಿಗೆ ಹಂಚಿಹೋಗುತ್ತದೆ, ಆದರೆ ಟಿಕೆಟ್ ಹಂಚಿಹೋಗುವುದಿಲ್ಲ.

ಬಸ್ಸಿನ ಲೆಕ್ಕದಲ್ಲಿ ನಾನು ಒಂದು ತಪ್ಪು ಮಾಡುತ್ತಿದ್ದೆ. ಮನೆ ಹತ್ತಿರವೇ ಹತ್ತಿಸಿಕೊಳ್ಳುತ್ತಾರೆ ಎಂದು ಖಾಸಗಿ ಸ್ಲೀಪರ್ ಬಸ್ಸನ್ನು ಜಯನಗರದಲ್ಲೇ ಹತ್ತುತ್ತಿದ್ದೆ. ಒಂದು ಸಲ 9ಕ್ಕೆ ಹತ್ತಿದರೆ ಊರೆಲ್ಲ ಸುತ್ತಿ ಗೊರಗುಂಟೆಪಾಳ್ಯ ಬಂದಾಗ 10.45. ಈ ಸಲ ಮನೆಯಲ್ಲೇ ಊಟ ಮುಗಿಸಿ, 9.45ಕ್ಕೆ ಹೊರಟು, ಹಸಿರು ಮೆಟ್ರೊದಲ್ಲಿ ನೇರ ಗೊರಗುಂಟೆಪಾಳ್ಯಕ್ಕೆ ಹೋಗಿ ಹತ್ತಿದೆ. ಬೆಳಿಗ್ಗೆ 6.15ಕ್ಕೆ ಅಕ್ಕನ ಮನೆ. ಟಿಕೆಟ್ 1,250, ಮೆಟ್ರೊ 60, ದಾರಿಯಲ್ಲಿ ಚಹಾ–ಬಿಸ್ಕತ್ತು 40, ಆಟೊ 150. ಒಟ್ಟು 1,500, ಅಂದರೆ ರೈಲಿಗಿಂತ 100 ಜಾಸ್ತಿ. ಎಂಟೂವರೆ ಗಂಟೆ ಹಿಡಿದರೂ ಹಗಲು ಪೂರ್ತಿ ಉಳಿಯಿತು. ನಿದ್ದೆ ಬರುವವರಿಗೆ ಇದು ದೊಡ್ಡ ಲಾಭ. ನನಗೆ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ, ಮಧ್ಯಾಹ್ನ ಮೂರು ಗಂಟೆ ಮಲಗಿಬಿಟ್ಟೆ. ಆ ಮೂರು ಗಂಟೆಯನ್ನೂ ಪ್ರಯಾಣಕ್ಕೇ ಸೇರಿಸಿದೆ.

ಅಮ್ಮ ಹೋಗುವಾಗ ಲೆಕ್ಕವೇ ಬೇರೆ. ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ಇಲ್ಲ, ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಅದು ಸಲ್ಲುವುದಿಲ್ಲ. ಕರ್ನಾಟಕದ ವಿಳಾಸವಿರುವ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಆದರೆ ಎಂಟೊಂಬತ್ತು ಗಂಟೆ ಕೂತೇ ಹೋಗಬೇಕು. ಅಮ್ಮನ ಮಂಡಿ ನೋವಿಗೆ ಅದು ಆಗುವುದಿಲ್ಲ, ಅವರಿಗೆ ನಾನು ರೈಲನ್ನೇ ಬುಕ್ ಮಾಡುತ್ತೇನೆ. ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಹಬ್ಬದ ವಾರಕ್ಕೆ ಹೋಗುವವರು ಆ ದಿನವೇ ಕೂತು ಮಾಡಿ. ರೈಲು ಸಿಗದೆ ಕೊನೆಗೆ ಬಸ್ಸಿಗೆ ಬಂದರೆ ದೀಪಾವಳಿ ಹಿಂದಿನ ದಿನ ಸ್ಲೀಪರ್ ದರ ದುಪ್ಪಟ್ಟಾಗಿರುತ್ತದೆ. ಆಗ ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.